ಮುಕ್ತಛಂದಸ್ಸಿನ ಸಾಲು ಎಲ್ಲಿ ಮುರಿಯಬೇಕು?

ಮುಕ್ತಛಂದಸ್ಸಿನ ಕವಿತೆಯಲ್ಲಿ ಪ್ರಾಸವಿಲ್ಲ, ಮೊದಲೇ ಗೊತ್ತುಮಾಡಿದ ಗಣವಿಲ್ಲ, ಸಾಲಿಗೆ ಇಷ್ಟೇ ಮಾತ್ರೆ ಎಂಬ ಕಟ್ಟೂ ಇಲ್ಲ. ಇವೆಲ್ಲ ಇಲ್ಲದ ಮೇಲೆ ಅದನ್ನು ಗದ್ಯದಿಂದ ಬೇರೆ ಮಾಡುವುದು ಕೇಳುವ ಕಿವಿಗೆ ಸಿಗುವ ಲಯ ಮಾತ್ರ. ಆ ಲಯದ ದೊಡ್ಡ ಆಕರ ಆಡುಮಾತು. ಮಾತನಾಡುವಾಗ ಉಸಿರು ನಿಲ್ಲುವ ಕಡೆ, ಒತ್ತು ಬೀಳುವ ಪದ, ಅವಸರದಲ್ಲಿ ಒಟ್ಟಿಗೆ ಹೊರಡುವ ಪದಗಳ ಗುಂಪು, ಹೇಳಿದ್ದನ್ನೇ ಮತ್ತೆ ಹೇಳುವ ಅಭ್ಯಾಸ, ಇವುಗಳಿಂದ ಒಂದು ನಡೆ ಹುಟ್ಟುತ್ತದೆ. ಸಾಲು ಆ ನಡೆಯನ್ನು ಹಿಡಿದರೆ ಕವಿತೆ ಓದಿಸಿಕೊಂಡು ಹೋಗುತ್ತದೆ. ಹಿಡಿಯದಿದ್ದರೆ, ಒಂದು ಗದ್ಯವಾಕ್ಯವನ್ನು ತುಂಡುಮಾಡಿ ಪುಟದ ಎಡಬದಿಗೆ ಜೋಡಿಸಿದಂತೆ ಕಾಣುತ್ತದೆ.

ಈ ತುಂಡರಿಸುವಿಕೆ ಕನ್ನಡದಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ, ಸಾಲು ಚಿಕ್ಕದಾದರೆ ಕವಿತೆ ಎಂಬ ನಂಬಿಕೆಯೇ ಹಲವರಲ್ಲಿ ಬೇರೂರಿದೆ. ಆದರೆ ಕನ್ನಡದ ಪರಂಪರೆ ಬೇರೆಯದನ್ನೇ ಹೇಳುತ್ತದೆ. ಹನ್ನೆರಡನೆಯ ಶತಮಾನದ ವಚನಗಳು ಯಾವ ಛಂದಸ್ಸಿಗೂ ಕಟ್ಟುಬಿದ್ದವಲ್ಲ. ಓಲೆಗರಿಗಳಲ್ಲಿ ಅವನ್ನು ಬಿಡುವಿಲ್ಲದೆ ಒಂದೇ ಸಮನೆ ಬರೆಯುತ್ತಿದ್ದರು. ಇಂದು ಪುಸ್ತಕಗಳಲ್ಲಿ ಕಾಣುವ ಸಾಲುಗಳು ಬಹುಮಟ್ಟಿಗೆ ಅಚ್ಚಿನ ಕಾಲದ ಸಂಪಾದಕರು ಒಡೆದವು. ಸಾಲೇ ಇಲ್ಲದ ಆ ಗರಿಗಳಲ್ಲೂ ವಚನ ವಚನವಾಗಿಯೇ ಇತ್ತು. ಏಕೆಂದರೆ ಅದರ ಲಯ ವಾಕ್ಯದ ಒಳಗಿತ್ತು: ಒಂದೇ ಬಗೆಯ ಉಪವಾಕ್ಯಗಳು ಒಂದರ ಹಿಂದೊಂದು ಬರುವುದು, ಎದುರಿಗಿದ್ದವರನ್ನು ಕರೆದು ಕೇಳುವ ಪ್ರಶ್ನೆ, ಕೊನೆಗೆ ಅಂಕಿತದಲ್ಲಿ ಬಂದು ನಿಲ್ಲುವ ಸಂಬೋಧನೆ. ಸಾಲು ಒಡೆದವರು ಆಗಲೇ ಇದ್ದ ನಿಲುಗಡೆಗಳನ್ನು ಗುರುತಿಸಿದರು, ಅಷ್ಟೇ.

ಇಪ್ಪತ್ತನೆಯ ಶತಮಾನದಲ್ಲಿ ಪದ್ಯ ಕಟ್ಟು ಸಡಿಲಿಸಿಕೊಂಡ ರೀತಿಯೂ ಹೀಗೆಯೇ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದಾಗ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳು ಹೊಸ ಹೊಸ ಜೋಡಣೆಗಳಲ್ಲಿ ಬಂದವು. ಮುಂದೆ ಪೇಜಾವರ ಸದಾಶಿವರಾಯರ ‘ನಾಟ್ಯೋತ್ಸವ’ದಲ್ಲಿ, ಆಮೇಲೆ ‘ಚಂಡೆಮದ್ದಳೆ’ಯಿಂದ (1954) ಮುಂದಿನ ಗೋಪಾಲಕೃಷ್ಣ ಅಡಿಗರಲ್ಲಿ ಆ ಕಟ್ಟು ಇನ್ನಷ್ಟು ಸಡಿಲವಾಯಿತು. ಆದರೂ ಅಡಿಗರ ನವ್ಯ ಕವಿತೆಗಳನ್ನು ಗಟ್ಟಿಯಾಗಿ ಓದಿದರೆ ಮಾತ್ರಾಲಯ ಪೂರ್ತಿ ಬಿಟ್ಟುಹೋಗಿಲ್ಲವೆಂಬುದು ಕಿವಿಗೆ ತಿಳಿಯುತ್ತದೆ. ಲಯ ಕಟ್ಟಿಕೊಳ್ಳುತ್ತದೆ, ಮಾತಿನ ಒತ್ತು ಬಂದು ಅದನ್ನು ಮುರಿಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ.

ತುಂಡರಿಸಿದ ಗದ್ಯ ಹೇಗಿರುತ್ತದೆ, ಅದು ಮಾತಿನ ನಡೆಗೆ ಹೇಗೆ ಬರುತ್ತದೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡಬಹುದು. ವಿಷಯ ಸಣ್ಣದು: ತೀರಿಕೊಂಡ ಗಂಡನ ಸ್ಕೂಟರನ್ನು ಹೆಂಡತಿ ಗುಜರಿಗೆ ಹಾಕಿದ್ದಾಳೆ. ಅಭ್ಯಾಸಕ್ಕೆಂದು ಕಟ್ಟಿದ ಮೊದಲ ರೂಪ ಇದು:

ಅಪ್ಪ ತೀರಿಹೋದ
ಮೇಲೆ
ಮೂಲೆಯಲ್ಲಿ ನಿಂತಿದ್ದ ಅವರ
ಹಳೆಯ
ಸ್ಕೂಟರನ್ನು
ನಿನ್ನೆ ಗುಜರಿಯವನಿಗೆ
ಎರಡು ಸಾವಿರ ರೂಪಾಯಿಗೆ
ಮಾರಲಾಯಿತು.

ಎಂಟು ಸಾಲುಗಳನ್ನೂ ಒಟ್ಟಿಗೆ ಜೋಡಿಸಿ ಬರೆದರೆ ವ್ಯಾಕರಣಶುದ್ಧವಾದ ಒಂದು ವಾಕ್ಯ ಸಿಗುತ್ತದೆ, ಜೋಡಿಸಿದ್ದರಿಂದ ಏನೂ ಕಳೆದುಹೋಗುವುದಿಲ್ಲ. ಸಾಲುಗಳು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು. ಗಟ್ಟಿಯಾಗಿ ಓದಿದರೆ ದೋಷ ಇನ್ನೂ ಸ್ಪಷ್ಟವಾಗುತ್ತದೆ. ‘ತೀರಿಹೋದ’ ಎಂದು ನಿಲ್ಲಿಸಿ ‘ಮೇಲೆ’ ಎನ್ನಲು ನಾಲಿಗೆ ಒಪ್ಪುವುದಿಲ್ಲ. ‘ತೀರಿಹೋದಮೇಲೆ’ ಎಂಬುದು ಉಚ್ಚಾರದಲ್ಲಿ ಒಂದೇ ಪದ. ‘ಅವರ’ ಎಂದ ಮೇಲೆ ‘ಹಳೆಯ’ ಎನ್ನುವ ಮುಂಚೆಯೂ ಯಾರೂ ಉಸಿರೆಳೆಯುವುದಿಲ್ಲ. ಕಣ್ಣು ಸಾಲಿನ ಕೊನೆಯಲ್ಲಿ ನಿಲ್ಲು ಎನ್ನುತ್ತದೆ, ಕಿವಿ ಮುಂದೆ ಹೋಗು ಎನ್ನುತ್ತದೆ. ಹೀಗೆ ಎರಡರ ನಡುವೆ ಸಿಕ್ಕ ಓದುಗ ಸಾಲುಗಳನ್ನು ಲೆಕ್ಕಿಸದೆ ಗದ್ಯವೆಂದೇ ಓದಿ ಮುಗಿಸುತ್ತಾನೆ.

ಸಾಲುಗಳನ್ನು ಬೇರೆ ಕಡೆ ಮುರಿದರೆ ಇದು ಸರಿಹೋಗುತ್ತದೆಯೇ? ಹೋಗುವುದಿಲ್ಲ, ಏಕೆಂದರೆ ತೊಡಕಿರುವುದು ವಾಕ್ಯದಲ್ಲೇ. ಕನ್ನಡ ಬರವಣಿಗೆಯಲ್ಲಿ ವಿಶೇಷಣಗಳೆಲ್ಲ ನಾಮಪದದ ಮುಂದೆ ಸಾಲುಗಟ್ಟುತ್ತವೆ, ಕ್ರಿಯಾಪದ ಕೊನೆಗೆ ಬರುತ್ತದೆ. ‘ಮೂಲೆಯಲ್ಲಿ ನಿಂತಿದ್ದ ಅವರ ಹಳೆಯ’ ಎಂಬಷ್ಟನ್ನು ದಾಟಿದ ಮೇಲೆಯೇ ಸ್ಕೂಟರು, ಅದರಾಚೆ ಇನ್ನೂ ಮೂರು ಸಂಗತಿ, ಆಮೇಲೆ ಕ್ರಿಯೆ. ಇಡೀ ವಾಕ್ಯ ತನ್ನ ಕೊನೆಗಾಗಿ ಕಾಯುತ್ತಿರುವುದರಿಂದ ನಡುವೆ ನಿಲ್ಲಲು ಸಹಜವಾದ ತಾಣವೇ ಇಲ್ಲ. ಅದರ ಜೊತೆಗೆ ‘ಮಾರಲಾಯಿತು’ ಎಂಬುದು ಕಚೇರಿಯ ಕಡತದ ಕ್ರಿಯಾಪದ. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅದನ್ನು ‘ಮಾರ್ಲಾಯ್ತು’ ಎಂದು ಬರೆದರೂ ಅದು ಆಡುಮಾತಾಗುವುದಿಲ್ಲ, ಏಕೆಂದರೆ ಮಾರಿದವರು ಯಾರೆಂದು ಹೇಳದ ಆ ರಚನೆಯೇ ಮಾತಿಗೆ ದೂರ.

ಆದ್ದರಿಂದ ಸಾಲು ಮುರಿಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಇಲ್ಲಿ ತಾಯಿ ಊರಲ್ಲಿಲ್ಲದ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದಾಳೆ ಎಂದಿಟ್ಟುಕೊಂಡರೆ ವಾಕ್ಯಗಳು ತಾವಾಗಿಯೇ ಬದಲಾಗುತ್ತವೆ:

ಕೊಟ್ಟೆ ಕಣೇ,
ನಿನ್ನೆ ಕೊಟ್ಟುಬಿಟ್ಟೆ.
ಗುಜರಿಯವನು ಬಂದಿದ್ದ.
ಕಿಕ್ ಹೊಡೆದ, ಹೊಡೆದ, ಮತ್ತೆ ಹೊಡೆದ,
ಕೆಮ್ಮಲೂ ಇಲ್ಲ ಅದು.
ಎರಡು ಸಾವಿರ ಅಂದ. ಹೂಂ ಅಂದೆ.
ನಿಮ್ಮಪ್ಪ ಇದ್ದಿದ್ರೆ ಸಂಜೆತನಕ ಚೌಕಾಸಿ ಮಾಡಿ ಕೊನೆಗೆ ಮಾರೋದೇ ಬೇಡ ಅಂತ ಅವನಿಗೇ ಕಾಫಿ ಕುಡಿಸಿ ಕಳಿಸೋರು.
ಡಿಕ್ಕಿಯಲ್ಲಿ ಒಂದು ಸ್ಪ್ಯಾನರ್ ಇತ್ತು.
ಅದನ್ನು ಮಾತ್ರ
ಕೊಡಲಿಲ್ಲ.

ಕೊನೆಯಲ್ಲಿ ಕಾಯುತ್ತಿದ್ದ ಕ್ರಿಯಾಪದ ಈಗ ಮೊದಲಿಗೇ ಬಂದಿದೆ. ಮನಸ್ಸನ್ನು ಕೊರೆಯುತ್ತಿರುವುದನ್ನು ಜನ ಮೊದಲು ಹೇಳಿಬಿಡುತ್ತಾರೆ, ವಿವರ ಆಮೇಲೆ ಬರುತ್ತದೆ. ಕೊಟ್ಟದ್ದು ಏನನ್ನು ಎಂದು ತಾಯಿ ಹೇಳುವುದಿಲ್ಲ, ಮಗಳಿಗೆ ಅದು ಗೊತ್ತು. ಸ್ಕೂಟರ್ ಎಂಬ ಪದವೇ ಇಲ್ಲದೆ ಓದುಗನಿಗೂ ಕಿಕ್ಕಿನಿಂದ, ಡಿಕ್ಕಿಯಿಂದ ತಿಳಿಯುತ್ತದೆ. ‘ಕೆಮ್ಮಲೂ ಇಲ್ಲ ಅದು’ ಎಂಬಲ್ಲಿ ಕರ್ತೃಪದ ಕ್ರಿಯೆಯ ಆಚೆಗೆ ಜಾರಿದೆ. ಬರೆಯುವ ಕನ್ನಡದಲ್ಲಿ ಅಪರೂಪವಾದ ಈ ಜಾರುವಿಕೆ ಮಾತಿನಲ್ಲಿ ದಿನವೂ ಕೇಳಿಬರುತ್ತದೆ. ಪ್ರತಿ ಸಾಲೂ ‘ಇತ್ತು’, ‘ಆಯಿತು’ಗಳಲ್ಲೇ ಮುಗಿಯುವ ಏಕತಾನವನ್ನು ತಪ್ಪಿಸಲು ಕನ್ನಡ ಕವಿಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ.

ಸಾಲುಗಳ ಉದ್ದ ಸಮವಾಗಿಲ್ಲ, ಸಮವಾಗಿರಬೇಕಾಗಿಯೂ ಇಲ್ಲ. ಗಂಡನ ನೆನಪು ಬಂದಾಗ ಮಾತು ಒಂದೇ ಉಸಿರಿನಲ್ಲಿ ಹರಿಯುತ್ತದೆ, ಹಾಗಾಗಿ ಆ ಸಾಲು ಪುಟದ ಅಂಚನ್ನು ಮೀರಿದರೂ ಅದನ್ನು ಮುರಿಯುವಂತಿಲ್ಲ. ಅದರ ಹಿಂದಿನ ಸಾಲಿನಲ್ಲಿ ಎರಡು ವಾಕ್ಯಗಳು ಒಟ್ಟಿಗಿವೆ. ಅಂದದ್ದಕ್ಕೂ ಹೂಂಗುಟ್ಟಿದ್ದಕ್ಕೂ ನಡುವೆ ಹೊತ್ತೇ ಹಿಡಿಯಲಿಲ್ಲ ಎಂಬುದು ಅವು ಒಂದೇ ಸಾಲಿನಲ್ಲಿರುವುದರಿಂದಲೇ ಗೊತ್ತಾಗುತ್ತದೆ. ಕೊನೆಯಲ್ಲಿ ಮಾತ್ರ ಒಂದು ವಾಕ್ಯ ಎರಡು ಸಾಲಾಗಿದೆ. ‘ಅದನ್ನು ಮಾತ್ರ’ ಎಂದ ಮೇಲೆ ಮಾತಿನಲ್ಲಿ ನಿಜವಾಗಿಯೂ ಒಂದು ತಡೆ ಇರುತ್ತದೆ, ಏಕೆಂದರೆ ಒತ್ತು ಬಿದ್ದ ‘ಮಾತ್ರ’ ಮುಂದಿನ ಪದವನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತದೆ. ಮೊದಲ ರೂಪದ ‘ಅವರ / ಹಳೆಯ’ ಎಂಬ ಮುರಿತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಆಡುಮಾತಿನೊಳಗೂ ಮಾತ್ರೆಯ ನಡೆ ಅಡಗಿರುತ್ತದೆ. ಹ್ರಸ್ವಾಕ್ಷರಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಎಂಬ ರೂಢಿಯ ಲೆಕ್ಕ ಹಾಕಿದರೆ ‘ಕೊಟ್ಟೆ ಕಣೇ’ ಮೂರು ಮಾತ್ರೆಯ ಎರಡು ಗುಂಪು, ‘ನಿನ್ನೆ ಕೊಟ್ಟುಬಿಟ್ಟೆ’ ಮೂರು ಮಾತ್ರೆಯ ಮೂರು ಗುಂಪು. ‘ಗುಜರಿಯವನು’ ಸಹ ಮೂರು ಮತ್ತು ಮೂರು. ಮುಂದಿನ ‘ಬಂದಿದ್ದ’ದಲ್ಲಿ ಐದು ಮಾತ್ರೆ ಬಂದು ಆ ನಡೆ ತಪ್ಪುತ್ತದೆ. ತಪ್ಪುವುದೇ ಇಲ್ಲಿ ಒಳ್ಳೆಯದು. ಅದೇ ಮೂರರ ಲಯವನ್ನು ಬಿಡದೆ ‘ನಿನ್ನೆ ಕೊಟ್ಟೆ, ಹಳೆಯ ಗಾಡಿ, ಗುಜರಿಯವನು ಬಂದು ಒಯ್ದ’ ಎಂದು ಮುಂದುವರಿಸಿದ್ದರೆ ತಾಯಿಯ ದನಿ ಮಾಯವಾಗಿ ಮಕ್ಕಳ ಪದ್ಯದ ಕುಣಿತ ಬರುತ್ತಿತ್ತು. ಭಾವಗೀತೆಗಳನ್ನು ಕೇಳಿ ಬೆಳೆದ ಕಿವಿ ಈ ಕಡೆಗೆ ಬಹಳ ಬೇಗ ಜಾರುತ್ತದೆ. ಬೆರಳು ತಾನಾಗಿ ತಾಳ ಹಾಕತೊಡಗಿದರೆ, ಆ ಜಾಗದಲ್ಲಿ ಒಂದು ಪದವನ್ನು ಬದಲಿಸಿ ನಡೆಯನ್ನು ತಡೆಯಬೇಕಾಗುತ್ತದೆ.

ಇನ್ನೊಂದು ತಪ್ಪು ದಾರಿ, ಲಯವನ್ನು ಕಾಗುಣಿತದಲ್ಲಿ ಹುಡುಕುವುದು. ಪ್ರತಿ ಪದವನ್ನೂ ‘ಹೋಗ್ಬುಟ್ಟ’, ‘ಮಾಡ್ಕಂಡ’ ಎಂದು ಉಚ್ಚಾರಕ್ಕೆ ತಕ್ಕಂತೆ ಬರೆದು, ಸಾಲಿಗೊಂದು ‘ಕಣೇ’ ಸೇರಿಸಿ, ನಡುನಡುವೆ ಚುಕ್ಕಿಗಳನ್ನಿಟ್ಟರೆ ಸಹಜವಾಯಿತು ಎಂದುಕೊಳ್ಳುವವರಿದ್ದಾರೆ. ಮೇಲಿನ ಪದ್ಯದ ‘ಮಾರೋದೇ ಬೇಡ ಅಂತ’ ಎಂಬುದನ್ನು ‘ಮಾರುವುದೇ ಬೇಡವೆಂದು’ ಎಂದು ತಿದ್ದಿದರೆ ಮನೆಮಾತಿನ ಬಣ್ಣ ಸ್ವಲ್ಪ ಕಡಿಮೆಯಾಗುತ್ತದೆ, ನಡೆ ಬಹುಪಾಲು ಹಾಗೆಯೇ ಉಳಿಯುತ್ತದೆ. ಲಯವನ್ನು ಹೊತ್ತಿರುವುದು ಪದಗಳ ಕ್ರಮ, ವಾಕ್ಯಗಳ ಉದ್ದ, ‘ಏ’, ‘ಊ’ಗಳಂತಹ ಒತ್ತು ಪ್ರತ್ಯಯಗಳು ಬೀಳುವ ಜಾಗ. ಹಾಗಾಗಿ ಶಿಷ್ಟ ಕನ್ನಡದಲ್ಲಿ ಬರೆದ ಕವಿತೆಯಲ್ಲೂ ಮಾತಿನ ನಡೆ ಇರಬಹುದು.

ಸಾಲುಗಳು ಸರಿಯಾಗಿ ಬಿದ್ದಿವೆಯೇ ಎಂದು ನೋಡಲು ವಚನದ ಓಲೆಗರಿಯ ಕ್ರಮವೇ ಸಾಕು. ಕವಿತೆಯನ್ನು ಸಾಲುಗಳಿಲ್ಲದೆ, ವಿರಾಮಚಿಹ್ನೆಗಳೂ ಇಲ್ಲದೆ ಒಂದೇ ಸಮನೆ ಬರೆದು, ಅದನ್ನು ಹಿಂದೆ ನೋಡಿರದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಬೇಕು. ಮೊದಲ ಓದಿನಲ್ಲಿ ತಡವರಿಕೆ ಇರುತ್ತದೆ, ಎರಡನೆಯ ಓದಿನಲ್ಲಿ ಅವರು ನಿಂತ ಕಡೆಗಳಲ್ಲಿ ಗೆರೆ ಹಾಕಿಕೊಂಡು ಕವಿಯ ಸಾಲುಗಳ ಪಕ್ಕದಲ್ಲಿಟ್ಟು ನೋಡಬಹುದು. ಹೆಚ್ಚಿನವು ಹೊಂದಿದರೆ ಲಯ ವಾಕ್ಯದಲ್ಲೇ ಇದೆ ಎಂದರ್ಥ. ಬರೆದವರೇ ಓದಿಕೊಂಡರೆ ಈ ಪರೀಕ್ಷೆ ನಡೆಯುವುದಿಲ್ಲ, ಏಕೆಂದರೆ ಅವರಿಗೆ ತಾವು ಎಲ್ಲಿ ನಿಲ್ಲಬೇಕೆಂದುಕೊಂಡಿದ್ದರೋ ಅದು ಮೊದಲೇ ಗೊತ್ತು.

ಎಲ್ಲ ಸಾಲುಗಳೂ ಹೊಂದಬೇಕೆಂದಿಲ್ಲ. ಮಾತು ನಿಲ್ಲದ ಕಡೆ ಬೇಕೆಂದೇ ಸಾಲು ಮುರಿದು, ಓದುಗನನ್ನು ಒಂದು ಕ್ಷಣ ಅಂಚಿನಲ್ಲಿ ತಡೆಯುವುದು ಮುಕ್ತಛಂದಸ್ಸಿನ ಬಲವಾದ ಸಾಧನ. ಆದರೆ ಸಹಜವಾದ ನಿಲುಗಡೆಗೆ ಹತ್ತಾರು ಸಾಲು ಕಿವಿ ಒಗ್ಗಿದ ಮೇಲಷ್ಟೇ ಅಂತಹ ಒಂದು ಮುರಿತ ಕೇಳಿಸುತ್ತದೆ. ಪ್ರತಿ ಸಾಲೂ ಹಾಗೆಯೇ ಮುರಿದರೆ ಯಾವುದೂ ಕೇಳಿಸದು. ಇನ್ನು ವಿವರಣೆ, ವಾದ, ಉದ್ದನೆಯ ವರ್ಣನೆಗಳಿಂದ ಕಟ್ಟಿದ ಕೆಲವು ಬರಹಗಳಲ್ಲಿ ಯಾವ ಮುರಿತಕ್ಕೂ ಕಾರಣ ಸಿಗುವುದಿಲ್ಲ. ಅವನ್ನು ಸಾಲುಗಳಿಗೆ ಇಳಿಸದೆ ಪೂರ್ಣ ಪ್ಯಾರಾಗಳಲ್ಲಿ ಗದ್ಯಕವಿತೆಯಾಗಿ ಅಚ್ಚು ಹಾಕುವುದೇ ಸರಿ.