ಜಗಳೂರಿನ ಮೆಕ್ಕೆಜೋಳಕ್ಕೂ ಹವಾಯಿಯ ಗಾಳಿಗೂ ಏನು ನಂಟು?

ಜಗಳೂರು ಮಳೆ ನಂಬಿ ಬದುಕುವ ತಾಲ್ಲೂಕು, ಅಲ್ಲಿನ ಮುಖ್ಯ ಬೆಳೆ ಮೆಕ್ಕೆಜೋಳ. ಈ ಬೆಳೆಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ 2010ರ ಹಂಗಾಮಿಗೆ ಕ್ವಿಂಟಲಿಗೆ 880 ರೂಪಾಯಿ ಇತ್ತು. 2024ರ ಹೊತ್ತಿಗೆ ಅದು 2225 ಆಯಿತು. ಇದೇ 15 ವರ್ಷಗಳಲ್ಲಿ, ಹವಾಯಿ ದ್ವೀಪದ ಮೌನಾ ಲೋವಾ ವೀಕ್ಷಣಾಲಯದ ದಾಖಲೆಯಂತೆ, ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 390.1ರಿಂದ 424.6 ಭಾಗಕ್ಕೆ ಏರಿತು. ಎರಡೂ ಸಾಲುಗಳನ್ನು ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ ಸಹಸಂಬಂಧ 0.985 ಬರುತ್ತದೆ. ಅದು 1ನ್ನು ಮುಟ್ಟಿದರೆ ನಂಟು ಪರಿಪೂರ್ಣ ಎಂದರ್ಥ. ರಿಗ್ರೆಷನ್ ಮಾಡಿದರೆ, ಗಾಳಿಯಲ್ಲಿ ಒಂದು ಭಾಗ ಅನಿಲ ಹೆಚ್ಚಿದಾಗಲೆಲ್ಲ ಬೆಂಬಲ ಬೆಲೆ ಸುಮಾರು 36 ರೂಪಾಯಿ ಏರುತ್ತದೆ ಎಂಬ ಸೂತ್ರ ಸಿಗುತ್ತದೆ. ಫಲಿತಾಂಶ ಆಕಸ್ಮಿಕವಲ್ಲ ಎನ್ನಲು ಟಿ-ಮೌಲ್ಯ 2 ದಾಟಿದರೆ ಸಾಕೆಂಬುದು ವಾಡಿಕೆ. ಇಲ್ಲಿ ಅದು 20ನ್ನೂ ದಾಟಿದೆ. ಸೂತ್ರ ಅಸಂಬದ್ಧ ಎಂದು ಓದಿದ ಕೂಡಲೇ ಗೊತ್ತಾಗುತ್ತದೆ, ಆದರೆ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಸಂಖ್ಯಾಶಾಸ್ತ್ರಜ್ಞರು ಇದನ್ನು ಸ್ಪ್ಯೂರಿಯಸ್ ರಿಗ್ರೆಷನ್ ಎನ್ನುತ್ತಾರೆ, ನಾವು ಹುಸಿ ನಂಟು ಎನ್ನೋಣ.

ಗುಟ್ಟು ರಟ್ಟಾಗಬೇಕಾದರೆ ಮಟ್ಟಗಳನ್ನು ಬಿಟ್ಟು ಏರಿಕೆಗಳನ್ನು ನೋಡಬೇಕು. ಪ್ರತಿ ವರ್ಷದ ಅಂಕಿಯಿಂದ ಹಿಂದಿನ ವರ್ಷದ್ದನ್ನು ಕಳೆಯಿರಿ. 2016ರಲ್ಲಿ ಎಲ್ ನಿನೊ ಪ್ರಭಾವದಿಂದ ಕಾರ್ಬನ್ ಡೈಆಕ್ಸೈಡ್ 3.4 ಭಾಗದಷ್ಟು ಜಿಗಿಯಿತು, ಆ ವರ್ಷ ಬೆಂಬಲ ಬೆಲೆಗೆ ಸೇರಿದ್ದು ಬರೀ 40 ರೂಪಾಯಿ. 2018ರಲ್ಲಿ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಕೊಡಬೇಕೆಂದು ಸರ್ಕಾರ ತೀರ್ಮಾನಿಸಿದ್ದರಿಂದ ಬೆಲೆ ಒಮ್ಮೆಗೇ 275 ರೂಪಾಯಿ ಮೇಲೇರಿತು, ಗಾಳಿ ಮಾತ್ರ ಆ ವರ್ಷ ಸರಾಸರಿಗಿಂತ ಕಡಿಮೆ, 1.96 ಭಾಗ ಏರಿತ್ತು. 2014ರಲ್ಲಿ ಬೆಲೆ ಕದಲಲೇ ಇಲ್ಲ, ಗಾಳಿ ತನ್ನ ಪಾಡಿಗೆ ಏರಿತು. ಹೀಗೆ ಸಿಗುವ 14 ಏರಿಕೆಗಳ ಜೋಡಿಗಳಲ್ಲಿ ಸಹಸಂಬಂಧ -0.1, ಅಂದರೆ ಇಲ್ಲವೆಂದೇ ಹೇಳಬಹುದು. ಮಟ್ಟದ ಲೆಕ್ಕ ಕಂಡುಕೊಂಡದ್ದು ಎರಡೂ ಸಾಲು ಮೇಲ್ಮುಖವಾಗಿವೆ ಎಂಬ ಒಂದೇ ಸಂಗತಿಯನ್ನು, ಅದನ್ನೇ 15 ಸಾಕ್ಷಿಗಳೆಂದು ಎಣಿಸಿಬಿಟ್ಟಿತು. ಈ ವರ್ಷದ ಬೆಲೆ ಹೋದ ವರ್ಷದ ಬೆಲೆಯ ಹೆಗಲ ಮೇಲೆಯೇ ಕೂತಿರುತ್ತದಾದ್ದರಿಂದ ಅದು ಹೊಸ ಸಾಕ್ಷಿಯಲ್ಲ. ಟಿ-ಮೌಲ್ಯದ ಮಾಮೂಲಿ ಲೆಕ್ಕ ಇದನ್ನು ಗಮನಕ್ಕೇ ತಂದುಕೊಳ್ಳುವುದಿಲ್ಲ.

ಈ ಕಾಯಿಲೆ ಹಳೆಯದು. ಇಂಗ್ಲೆಂಡಿನ ಚರ್ಚ್ ವಿವಾಹಗಳ ಪ್ರಮಾಣಕ್ಕೂ ಸಾವಿನ ಪ್ರಮಾಣಕ್ಕೂ 0.95 ಸಹಸಂಬಂಧ ಇರುವುದನ್ನು 1926ರಲ್ಲಿ ಉಡ್ನಿ ಯೂಲ್ ತೋರಿಸಿದ್ದರು. ಆದರೆ ಹಣದುಬ್ಬರದಂಥ ನಿಜವಾದ ಏರುಗಾಲು ಇದ್ದರಷ್ಟೇ ಹೀಗಾಗುತ್ತದೆ, ಆ ಏರಿಕೆಯ ಗೆರೆಯನ್ನು ಕಳೆದುಬಿಟ್ಟರೆ ಮುಗಿಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. 1974ರಲ್ಲಿ ಕ್ಲೈವ್ ಗ್ರೇಂಜರ್ ಮತ್ತು ಪಾಲ್ ನ್ಯೂಬೋಲ್ಡ್ ಕಂಪ್ಯೂಟರಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವ ಸಾಲುಗಳನ್ನು ಹುಟ್ಟಿಸಿದರು. ನಾಣ್ಯ ಚಿಮ್ಮಿ ಒಂದು ಹೆಜ್ಜೆ ಮುಂದೆ ಅಥವಾ ಹಿಂದೆ ಇಟ್ಟ ಹಾಗೆ ಅವು ನಡೆಯುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಏರುಗಾಲೂ ಇಲ್ಲ. ಆದರೂ ನೂರು ಜೋಡಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜೋಡಿಗಳಿಗೆ ಗಟ್ಟಿ ನಂಟಿದೆ ಎಂದು ಪರೀಕ್ಷೆ ಹೇಳಿತು. ಹೆಚ್ಚು ವರ್ಷಗಳ ಅಂಕಿ ತಂದರೆ ಸರಿಹೋದೀತು ಎಂಬ ನಂಬಿಕೆಯನ್ನು 1986ರಲ್ಲಿ ಪೀಟರ್ ಫಿಲಿಪ್ಸ್ ಮುರಿದರು. ಇಂಥ ಸಾಲುಗಳಲ್ಲಿ ಅಂಕಿ ಹೆಚ್ಚಿದಷ್ಟೂ ಟಿ-ಮೌಲ್ಯ ಉಬ್ಬುತ್ತಲೇ ಹೋಗುತ್ತದೆ ಎಂದು ಅವರು ಸಾಧಿಸಿದರು. ದತ್ತಾಂಶ ಬೆಳೆದ ಹಾಗೆ ಸುಳ್ಳೂ ಬಲಿಯುತ್ತದೆ ಎನ್ನುವುದು ಈ ವಿಷಯದಲ್ಲಿ ಅತಿ ವಿಚಿತ್ರವಾದ ಮಾತು.

ಹಾಗಾದರೆ ಯಾವಾಗಲೂ ವ್ಯತ್ಯಾಸ ತೆಗೆದು ನೋಡಿದರಾಯಿತೇ? ಚನ್ನಗಿರಿಗೆ ಬನ್ನಿ. ಅಡಿಕೆಯ ಊರು, ಅದರ ಸಹಕಾರ ಸಂಘ ತುಮ್‌ಕೋಸ್‌ನಲ್ಲಿ ರಾಶಿ ಅಡಿಕೆಯ ಧಾರಣೆ ಎಷ್ಟಾಯಿತೆಂದು ಸುತ್ತಲಿನ ಬೆಳೆಗಾರರು ಕಾಯುತ್ತಾರೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲೂ ಅದೇ ರಾಶಿ ಬಿಕರಿಯಾಗುತ್ತದೆ. ಎರಡೂ ಧಾರಣೆಗಳು ಸಾವಿರಗಟ್ಟಲೆ ಏರಿಳಿಯುತ್ತ ಅಲೆಯುತ್ತವೆ. ಈಗ ದಿನದಿನದ ವ್ಯತ್ಯಾಸ ತೆಗೆದು ಹೋಲಿಸಿದರೆ ನಂಟು ಸಡಿಲವಾಗಿ ಕಾಣಬಹುದು. ಒಂದು ಕಡೆ ಬಂದ ಲಾಟಿನ ಗುಣಮಟ್ಟ ಬೇರೆ, ಇನ್ನೊಂದು ಕಡೆ ಅಂದು ವ್ಯಾಪಾರವೇ ಇಲ್ಲ, ಸುದ್ದಿ ತಲುಪಿದ್ದು ಮಾರನೆಯ ದಿನ. ಅಷ್ಟಕ್ಕೆ ಎರಡು ಮಾರುಕಟ್ಟೆಗಳಿಗೆ ಸಂಬಂಧವೇ ಇಲ್ಲ ಎಂದರೆ ಯಾವ ಮಂಡಿಯವರೂ ನಗುತ್ತಾರೆ. ವ್ಯತ್ಯಾಸ ತೆಗೆಯುವುದು ಹುಸಿ ನಂಟನ್ನು ತೊಳೆಯುವುದರ ಜೊತೆಗೆ ನಿಜವಾದ ದೀರ್ಘಕಾಲದ ನಂಟನ್ನೂ ತೊಳೆದುಬಿಡುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡರ ನಡುವಿನ ಅಂತರದ್ದು. ಎರಡು ಸಾಲುಗಳು ಎಲ್ಲೆಲ್ಲಿ ಅಲೆದರೂ ಅವುಗಳ ಅಂತರ ಮಾತ್ರ ಅಲೆಯದೆ ಒಂದು ನೆಲೆಗೆ ಮರಳುತ್ತಿದ್ದರೆ ಅದು ಕೋ-ಇಂಟಿಗ್ರೇಷನ್. ರಾಬರ್ಟ್ ಎಂಗಲ್ ಮತ್ತು ಗ್ರೇಂಜರ್ 1987ರಲ್ಲಿ ಇದಕ್ಕೆ ಪರೀಕ್ಷೆ ಕೊಟ್ಟರು, 2003ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅಡಿಕೆಯಲ್ಲಿ ಅಂತರವನ್ನು ಎಳೆದು ತರುವುದು ಲಾರಿ. ಉದಾಹರಣೆಗೆ, ಎರಡು ಊರಿನ ಧಾರಣೆಗೆ ಸಾಗಣೆ ಮತ್ತಿತರ ಕಾರಣಕ್ಕೆ 300 ರೂಪಾಯಿ ಅಂತರ ಸಹಜ ಎಂದಿಟ್ಟುಕೊಳ್ಳಿ. ಅದು ಒಂದು ವಾರ 900ಕ್ಕೆ ಹಿಗ್ಗಿದರೆ ಅಗ್ಗದ ಕಡೆ ಕೊಂಡು ತುಟ್ಟಿಯ ಕಡೆ ಇಳಿಸುವವರು ಹುಟ್ಟಿಕೊಳ್ಳುತ್ತಾರೆ. ವಾರಕ್ಕೆ ಮೂರನೇ ಒಂದು ಪಾಲು ಸರಿಹೋಗುವುದಾದರೆ ಹೆಚ್ಚುವರಿ 600, ಮುಂದಿನ ವಾರ 400, ಅದರಾಚೆ 267 ಆಗುತ್ತದೆ. ಹೀಗಾಗಿ ಸರಿಯಾದ ಮಾದರಿ ಈ ವಾರದ ಏರಿಳಿತವನ್ನು ಹೋದ ವಾರದ ಏರಿಳಿತಕ್ಕಷ್ಟೇ ಕಟ್ಟದೆ, ಹೋದ ವಾರ ಅಂತರ ಎಷ್ಟು ಹಿಗ್ಗಿತ್ತು ಎಂಬುದಕ್ಕೂ ಕಟ್ಟುತ್ತದೆ.

ಪರೀಕ್ಷೆಯ ಕ್ರಮ ಸರಳ. ಮೊದಲು ಒಂದು ಧಾರಣೆಯ ಮೇಲೆ ಇನ್ನೊಂದರ ರಿಗ್ರೆಷನ್ ಮಾಡಿ, ಸೂತ್ರ ಹೇಳಿದ್ದಕ್ಕೂ ನಿಜವಾದದ್ದಕ್ಕೂ ಉಳಿದ ಶೇಷವನ್ನು ತೆಗೆದಿಡುವುದು, ಆಮೇಲೆ ಆ ಶೇಷ ಅಲೆಯುತ್ತದೆಯೋ ಮರಳುತ್ತದೆಯೋ ಎಂದು ಡಿಕಿ-ಫುಲ್ಲರ್ ವಿಧಾನದಲ್ಲಿ ನೋಡುವುದು. ಎಡವುವುದು ಇಲ್ಲೇ. ಒಂದೇ ಸಾಲನ್ನು ಪರೀಕ್ಷಿಸುವಾಗ ಶೇ 5ರ ಗಡಿ ಸುಮಾರು -2.86, ಆದರೆ ರಿಗ್ರೆಷನ್ನಿನ ಶೇಷಕ್ಕೆ ಅದು -3.34. ಶೇಷ ಆದಷ್ಟೂ ಚಿಕ್ಕದಾಗಿರುವಂತೆ ಸೂತ್ರವನ್ನು ನಾವೇ ಆರಿಸಿರುತ್ತೇವಲ್ಲ, ಅದು ಸಾಧುವಾಗಿ ಕಂಡರೆ ಅಚ್ಚರಿಯೇನಿಲ್ಲ. ಅದಕ್ಕೇ ಗಡಿ ಬಿಗಿ. ಹಳೆಯ ಗಡಿಯನ್ನೇ ಬಳಸಿದವರು ಹುಸಿಯನ್ನು ಹಿತ್ತಿಲ ಬಾಗಿಲಿಂದ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಾರೆ.

ಹೊನ್ನಾಳಿ, ನ್ಯಾಮತಿಗಳಲ್ಲಿ ಅಡಿಕೆಯೂ ಇದೆ, ಮೆಕ್ಕೆಜೋಳವೂ ಇದೆ. ಎರಡರ ಬೆಲೆಯ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದು, ಒಂದು ಇನ್ನೊಂದನ್ನು ಹಿಂಬಾಲಿಸುತ್ತದೆ ಎನ್ನುವುದು ಸುಲಭ. ಆದರೆ ಮೆಕ್ಕೆಜೋಳ ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟಕ್ಕೆ, ಎಥೆನಾಲಿಗೆ. ಅಡಿಕೆ ಹೋಗುವುದು ಜಗಿಯುವವರ ಬಾಯಿಗೆ. ಅಂತರ ಹಿಗ್ಗಿದಾಗ ಒಂದನ್ನು ಇನ್ನೊಂದರ ಕಡೆ ಎಳೆಯುವ ಲಾರಿ ಅಲ್ಲಿಲ್ಲ. ಪರೀಕ್ಷೆಗೂ ಮಿತಿಯಿದೆ. 15 ವಾರ್ಷಿಕ ಅಂಕಿಗಳಲ್ಲಿ ಅದು ಇದ್ದ ನಂಟನ್ನೂ ಕಾಣದೆ ಹೋಗಬಹುದು, ಆಮದು ನೀತಿ ಬದಲಾಗಿ ನಡುವೆ ಸಾಲು ಮುರಿದರೆ ದಾರಿ ತಪ್ಪಬಹುದು, ನೂರು ಜೋಡಿಗಳನ್ನು ಜಾಲಾಡಿದರೆ ಐದಾರು ಸುಮ್ಮನೆ ತೇರ್ಗಡೆಯಾಗಬಹುದು. ಆದ್ದರಿಂದ ಇಂಥ ಗೆರೆಗಳ ಚಿತ್ರ ಮುಂದಿಟ್ಟವರನ್ನು ಎರಡು ಪ್ರಶ್ನೆ ಕೇಳಿ: ವರ್ಷ ವರ್ಷದ ಏರಿಕೆಗಳ ಪಟ್ಟಿ ಎಲ್ಲಿ, ಅಂತರವನ್ನು ಎಳೆದು ತರುವ ಲಾರಿ ಯಾವುದು?