ತಾರಸಿ ಮೇಲೆ ನಿಜಕ್ಕೂ ಎಷ್ಟು ಸೋಲಾರ್ ಪ್ಯಾನೆಲ್ ಕೂರುತ್ತವೆ? ಟೇಪು ಹಿಡಿದು ಲೆಕ್ಕ ಹಾಕೋಣ

ಹಾವೇರಿ ಹತ್ತಿರದ ಊರಲ್ಲಿರುವ ನನ್ನ ಅಣ್ಣನ ಮಗ ಹೋದ ಚಳಿಗಾಲದಲ್ಲಿ ಫೋನ್ ಮಾಡಿದ್ದ. "ಕಾಕಾ, ನಮ್ಮ ಮಾಳಿಗಿ ಮ್ಯಾಲೆ ಇಪ್ಪತ್ತೆಂಟು ಪ್ಯಾನೆಲ್ ಕೂರ್ತಾವಂತ ಬರದು ಕೊಟ್ಟಾರ. ಸಾಲದ ಕಾಗದಕ್ಕ ಸಹಿ ಹಾಕ್ಲೇನು?" ಅಂದ. ಸಹಿ ಹಾಕೋ ಮುಂಚೆ ಒಂದು ಸಲ ಅಳತೆ ಮಾಡೋಣ ತಡಿ ಅಂತ ಹೇಳಿ, ಭಾನುವಾರ ಟೇಪು, ಸೀಮೆಸುಣ್ಣ ತಗೊಂಡು ಹೋದೆ. ಆ ದಿನ ಮಾಡಿದ ಲೆಕ್ಕವನ್ನೇ ಇಲ್ಲಿ ಬರೀತಿದ್ದೇನೆ. ನಿಮ್ಮ ಮನೆಗೂ ಹೀಗೇ ಮಾಡಬಹುದು.

ಮನೆ 40 ಅಡಿಗೆ 30 ಅಡಿ. ಪ್ಯಾರಪಿಟ್ ಗೋಡೆ ಬಿಟ್ಟು ಒಳಗಡೆ ಅಳೆದರೆ ಪೂರ್ವ-ಪಶ್ಚಿಮ 39 ಅಡಿ, ಉತ್ತರ-ದಕ್ಷಿಣ 29 ಅಡಿ. ಈಗ ಬರುವ 540 ವ್ಯಾಟಿನ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ ಇರುತ್ತದೆ. ಅಂದರೆ 28 ಚದರ ಅಡಿ. ತಾರಸಿಯ 1,131 ಚದರ ಅಡಿಯನ್ನು 28ರಿಂದ ಭಾಗಿಸಿದರೆ 40 ಪ್ಯಾನೆಲ್ ಬರುತ್ತದೆ. ತಪ್ಪೋದು ಇಲ್ಲೇ. ಪ್ಯಾನೆಲ್ ಅಂದರೆ ನೆಲಕ್ಕೆ ಹಾಸುವ ಟೈಲ್ಸ್ ಅಲ್ಲ, ಅದು ಓರೆಯಾಗಿ ನಿಲ್ಲುತ್ತದೆ. ಓರೆಯಾಗಿ ನಿಂತದ್ದು ಹಿಂದಿನ ಸಾಲಿನ ಮೇಲೆ ನೆರಳು ಬೀಳಿಸುತ್ತದೆ.

ಸಾಲಿನ ನಡುವೆ ಎಷ್ಟು ಜಾಗ?

ನಮ್ಮ ಕಡೆ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆ ಇಡುತ್ತಾರೆ. ಏಳೂವರೆ ಅಡಿ ಉದ್ದದ ಪ್ಯಾನೆಲ್ ಅಷ್ಟು ಓರೆಯಾದಾಗ ಅದರ ಹಿಂದಿನ ಅಂಚು ಮುಂದಿನ ಅಂಚಿಗಿಂತ 2 ಅಡಿ ಮೇಲೇಳುತ್ತದೆ. ನೆಲದ ಮೇಲೆ ಅದು ಹಿಡಿಯುವ ಜಾಗ ಏಳೂಕಾಲು ಅಡಿ.

ವರ್ಷದಲ್ಲಿ ಸೂರ್ಯ ದಕ್ಷಿಣಕ್ಕೆ ಅತಿ ಹೆಚ್ಚು ವಾಲೋದು ಡಿಸೆಂಬರ್ 21ರ ಆಸುಪಾಸು. ಆ ದಿನ ಹಾವೇರಿಯಲ್ಲಿ ಬೆಳಗ್ಗೆ ಒಂಬತ್ತೂವರೆಗೆ, ಹಾಗೇ ಮಧ್ಯಾಹ್ನ ಮೂರೂವರೆಗೆ, ಒಂದು ಅಡಿ ಎತ್ತರದ ವಸ್ತುವಿನ ನೆರಳು ಉತ್ತರಕ್ಕೆ ಸುಮಾರು ಒಂದು ಅಡಿ ಚಾಚುತ್ತದೆ. ನೆನಪಿಡೋಕೆ ಇದು ಸುಲಭ: ಎಷ್ಟು ಎತ್ತರವೋ ಅಷ್ಟು ಅಂತರ. ಮೈಸೂರು ಕಡೆ ಇದಕ್ಕಿಂತ ಕೊಂಚ ಕಡಿಮೆ ಸಾಕು. ಬೀದರ್ ಕಡೆಯವರು ಒಂದು ಅಡಿಗೆ 1.2 ಅಡಿ ಹಿಡಿಯಬೇಕು. ನಮ್ಮ ಪ್ಯಾನೆಲ್ 2 ಅಡಿ ಏಳುವುದರಿಂದ ಸಾಲಿನ ನಡುವೆ 2 ಅಡಿ ಬಿಟ್ಟೆವು.

"ಓರೆ ಕಡಿಮಿ ಮಾಡಿದ್ರ ಜಾಗ ಉಳಿಯಂಗಿಲ್ಲೇನು?" ಅಂತ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. 10 ಡಿಗ್ರಿಗೆ ಇಳಿಸಿದರೆ ನೆರಳಿಗೆ ಒಂದೂಕಾಲು ಅಡಿ ಸಾಕು. ಆದರೆ ಬಕೆಟ್, ಪೈಪು ಹಿಡಿದು ಧೂಳು ತೊಳೆಯೋಕೆ ಮನುಷ್ಯ ಒಳಗೆ ಹೋಗಬೇಕಲ್ಲ? ಅದಕ್ಕೆ 2 ಅಡಿ ಹೇಗಿದ್ದರೂ ಬೇಕು. ನೆರಳಿನ ಅಂತರವೂ ಓಡಾಡುವ ದಾರಿಯೂ ಒಂದೇ ಜಾಗ. ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಬಿಡಬೇಕು, ಎರಡನ್ನೂ ಕೂಡಿಸಬೇಕಾಗಿಲ್ಲ.

ಪ್ಯಾರಪಿಟ್ ಮತ್ತು ಮೆಟ್ಟಿಲ ಕೋಣೆ

ಇವರ ಪ್ಯಾರಪಿಟ್ 3 ಅಡಿ ಎತ್ತರ. ಪ್ಯಾನೆಲ್‌ನ ಕೆಳ ಅಂಚನ್ನು ಕಾಲುಗಳ ಮೇಲೆ 1 ಅಡಿ ಎತ್ತರಿಸಿದರೆ, ಅದಕ್ಕೆ ಅಡ್ಡ ಬರೋದು ಉಳಿದ 2 ಅಡಿ ಗೋಡೆ ಮಾತ್ರ. ದಕ್ಷಿಣದ ಗೋಡೆಯಿಂದ ಎರಡೂವರೆ ಅಡಿ ಬಿಟ್ಟು ಮೊದಲ ಸಾಲು ಶುರು ಮಾಡಿದೆವು. ಪೂರ್ವ ಮತ್ತು ಪಶ್ಚಿಮದ ಗೋಡೆಗಳ ಬಳಿಯೂ ಅಷ್ಟೇ ಬಿಟ್ಟೆವು. ಬೆಳಗ್ಗೆ-ಸಂಜೆ ನೆರಳು ಪಕ್ಕಕ್ಕೆ ಇನ್ನೂ ಕೊಂಚ ಉದ್ದ ಬೀಳುತ್ತದೆ, ಅದಕ್ಕೂ ಎರಡೂವರೆ ಅಡಿ ಸಾಕಾಗುತ್ತದೆ, ಓಡಾಡೋಕೆ ದಾರಿಯೂ ಸಿಗುತ್ತದೆ.

ಈಗ ಉತ್ತರ-ದಕ್ಷಿಣದ ಲೆಕ್ಕ: ಗೋಡೆಯಿಂದ 2.5, ಮೊದಲ ಸಾಲು 7.25, ಅಂತರ 2, ಎರಡನೇ ಸಾಲು 7.25, ಅಂತರ 2, ಮೂರನೇ ಸಾಲು 7.25. ಒಟ್ಟು 28.25 ಅಡಿ. 29 ಅಡಿಯಲ್ಲಿ ಮೂರು ಸಾಲು ಕೂತವು.

ಅಗಲದಲ್ಲಿ ಎರಡೂ ಬದಿಯ ದಾರಿ ಕಳೆದರೆ 34 ಅಡಿ ಉಳಿಯುತ್ತದೆ. ಎಂಟು ಪ್ಯಾನೆಲ್‌ಗೆ, ನಡುವಿನ ಕ್ಲ್ಯಾಂಪಿನ ಸಂದು ಸೇರಿ, ಮೂವತ್ತೂವರೆ ಅಡಿ ಬೇಕು. ಒಂಬತ್ತನೆಯದನ್ನು ತುರುಕಿದರೆ ಅದು ದಾರಿಯನ್ನು ತಿನ್ನುತ್ತದೆ. ಹಾಗಾಗಿ ಸಾಲಿಗೆ ಎಂಟೇ.

ಮೂರನೇ ಸಾಲಿನಲ್ಲಿ ತೊಡಕು ಬಂತು. ವಾಯವ್ಯ ಮೂಲೆಯಲ್ಲಿ ಮೆಟ್ಟಿಲ ಕೋಣೆ ಇದೆ: 10 ಅಡಿ ಅಗಲ, 8 ಅಡಿ ಆಳ, ಏಳೂವರೆ ಅಡಿ ಎತ್ತರ. ಮಧ್ಯಾಹ್ನದ ಮೇಲೆ ಅದರ ನೆರಳು ಪೂರ್ವಕ್ಕೆ 8 ಅಡಿವರೆಗೂ ಬರುತ್ತದೆ. ಕೋಣೆಯ 10, ನೆರಳಿನ 8, ಪೂರ್ವದ ದಾರಿಯ ಎರಡೂವರೆ ಕಳೆದರೆ ಆ ಸಾಲಿಗೆ ಉಳಿಯೋದು ಹದಿನೆಂಟೂವರೆ ಅಡಿ. ಅಷ್ಟರಲ್ಲಿ ನಾಲ್ಕೇ ಪ್ಯಾನೆಲ್. ಕೋಣೆಯ ಮೇಲೆ ನೀರಿನ ಟ್ಯಾಂಕ್ ಪೂರ್ವದ ಅಂಚಿಗಿತ್ತು. ಅದನ್ನು ಪಶ್ಚಿಮದ ಅಂಚಿಗೆ ಸರಿಸಲು ಹೇಳಿದೆ, ಇಲ್ಲದಿದ್ದರೆ ಆ ನಾಲ್ಕರಲ್ಲೂ ಎರಡಕ್ಕೆ ನೆರಳು ಬೀಳುತ್ತಿತ್ತು.

ಎಂಟು, ಎಂಟು, ನಾಲ್ಕು. ಒಟ್ಟು 20 ಪ್ಯಾನೆಲ್, 10.8 ಕಿಲೋವ್ಯಾಟ್. ಭಾಗಾಕಾರದಲ್ಲಿ ಬಂದ 40ರ ಅರ್ಧ. ಒಂದು ಕಿಲೋವ್ಯಾಟ್‌ಗೆ 100 ಚದರ ಅಡಿ ಬೇಕು ಅಂತ ಹೇಳೋದು ಇದಕ್ಕೇ.

28 ತುರುಕಿದರೆ ಏನಾಗುತ್ತೆ?

ಕೂರಿಸೋಕೇನೋ ಆಗುತ್ತೆ. ಅಂತರ ತೆಗೆದು, ದಾರಿ ಮುಚ್ಚಿ, ಕೋಣೆಯ ನೆರಳಲ್ಲೂ ಇಟ್ಟರೆ ಆಯಿತು. ಆದರೆ ಪ್ಯಾನೆಲ್ ಒಳಗಿನ ಸೆಲ್‌ಗಳು ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿರುತ್ತವೆ. ಹೊಲದ ಪೈಪನ್ನು ಒಂದು ಕಡೆ ತುಳಿದರೆ ಇಡೀ ಪೈಪಿನ ನೀರು ಕಡಿಮೆಯಾಗುತ್ತದಲ್ಲ, ಹಾಗೆ. ಕೆಳ ಅಂಚಿನ ಒಂದು ಸಾಲು ಸೆಲ್‌ಗೆ ಪೂರ್ತಿ ನೆರಳು ಬಿದ್ದರೆ ನಷ್ಟ ಅಷ್ಟು ಜಾಗದ್ದು ಮಾತ್ರ ಅಲ್ಲ. ಈಗಿನ ಹಾಫ್-ಕಟ್ ಪ್ಯಾನೆಲ್‌ನಲ್ಲಿ ಮೇಲಿನ ಅರ್ಧ ಕೆಲಸ ಮಾಡುತ್ತಿರುತ್ತದೆ, ಕೆಳಗಿನ ಅರ್ಧ ಹೆಚ್ಚುಕಡಿಮೆ ಸುಮ್ಮನಾಗುತ್ತದೆ.

ಈಗಾಗಲೇ ಹಾಕಿಸಿದವರು ಇನ್ವರ್ಟರ್ ಆ್ಯಪ್‌ನಲ್ಲಿ ನೋಡಿಕೊಳ್ಳಬಹುದು. ಮೋಡವಿಲ್ಲದ ದಿನ ಗ್ರಾಫ್ ನುಣುಪಾದ ಗುಡ್ಡದಂತೆ ಏರಿ ಇಳಿಯಬೇಕು. ಡಿಸೆಂಬರ್-ಜನವರಿಯಲ್ಲಿ ದಿನಾ ಒಂದೇ ಹೊತ್ತಿಗೆ ಅದರಲ್ಲಿ ತಗ್ಗು ಬಿದ್ದು, ಏಪ್ರಿಲ್‌ನಲ್ಲಿ ಅದು ಮಾಯವಾದರೆ, ಸಾಲಿನ ಅಂತರ ಸಾಲದು ಅಂತಲೇ ಅರ್ಥ.

ಕೊನೆಗೆ ಅವನು ಎಷ್ಟು ಹಾಕಿಸಿದ?

20 ಕೂರುತ್ತವೆ ಅಂದ ಮಾತ್ರಕ್ಕೆ 20 ಹಾಕಬೇಕು ಅಂತಿಲ್ಲ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಮನೆಗೆ ಸಿಗುವ ಕೇಂದ್ರದ ಸಹಾಯಧನ 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. 3 ಕಿಲೋವ್ಯಾಟ್‌ಗೆ ಆರು ಪ್ಯಾನೆಲ್ ಸಾಕು. ಅವನ ಮನೆಯ ಕರೆಂಟ್ ಬಿಲ್ ನೋಡಿದರೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ದಕ್ಷಿಣದ ಮೊದಲ ಸಾಲಿನಲ್ಲೇ ಆರೂ ಕೂತವು. ನಮ್ಮ ಅತ್ತಿಗೆ ಅಷ್ಟೊತ್ತೂ ಮೆಟ್ಟಿಲ ಬಾಗಿಲಲ್ಲೇ ನಿಂತಿದ್ದರು. "ಹಂಗಾರ ಮೆಣಸಿನಕಾಯಿ ಒಣ ಹಾಕಾಕ ನಂಗ ಜಾಗ ಉಳೀತು" ಅಂದರು. ದೊಡ್ಡ ಸಾಲದ ಕಾಗದ ಸಹಿಯಿಲ್ಲದೆ ವಾಪಸ್ ಹೋಯಿತು.

ನೀವು ಅಳೆಯುವಾಗ ಫೋನಿನ ದಿಕ್ಸೂಚಿಯಲ್ಲಿ ದಕ್ಷಿಣ ನೋಡಿ, ಸೀಮೆಸುಣ್ಣದಿಂದ ಮೊದಲು ದಾರಿಗಳನ್ನು, ಆಮೇಲೆ ಕೋಣೆಯ ನೆರಳನ್ನು ಗೆರೆ ಹಾಕಿ. ಪ್ಯಾನೆಲ್ ಎಣಿಸೋದು ಕೊನೆಗೆ. ಆ ಗೆರೆಗಳ ಫೋಟೋ ತೆಗೆದು ಕೊಟೇಶನ್ ಕೊಡುವವರಿಗೆ ಕಳಿಸಿ, ಅವರ ನಕ್ಷೆಯಲ್ಲಿ ಸಾಲಿನ ನಡುವಿನ ಅಂತರ ಎಷ್ಟು ಅಂತ ಅಡಿಯಲ್ಲಿ ಬರೆಸಿಕೊಳ್ಳಿ.