ಹತ್ತು ಲಕ್ಷದಲ್ಲಿ ಬಿಟ್‌ಕಾಯಿನ್‌ಗೆ ಎಷ್ಟು?

ಬಿಟ್‌ಕಾಯಿನ್‌ಗೆ ಎಷ್ಟು ದುಡ್ಡು ಹಾಕಲಿ ಅಂತ ಯೋಚಿಸ್ತಿದ್ದೀರಾ? ಮೊದಲು, ಎಷ್ಟು ಕಳೆದುಕೊಂಡರೂ ಮನೆ ಖರ್ಚಿಗೆ ತೊಂದರೆ ಆಗಲ್ಲ ಅಂತ ಲೆಕ್ಕ ಹಾಕಿ.

ನಿಮ್ಮ ಉಳಿತಾಯ 10 ಲಕ್ಷ, ತಡೆದುಕೊಳ್ಳಬಲ್ಲ ನಷ್ಟ 20,000 ಅಂತಿಟ್ಟುಕೊಳ್ಳಿ.

2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಬೆಲೆ ಸುಮಾರು 69,000 ಡಾಲರ್. ಒಂದೇ ವರ್ಷದಲ್ಲಿ ಅದು 16,000ಕ್ಕಿಂತ ಕೆಳಗಿಳಿಯಿತು. ನೂರಕ್ಕೆ ಎಪ್ಪತ್ತೇಳರಷ್ಟು ಕುಸಿತ! ಹಾಗಾಗಿ ಶೇಕಡಾ 80 ಬೀಳಬಹುದು ಅಂತಲೇ ಲೆಕ್ಕ ಹಿಡಿಯೋಣ. 20,000ವನ್ನು 0.8ರಿಂದ ಭಾಗಿಸಿದರೆ 25,000. ಅಂದರೆ ಉಳಿತಾಯದ ಎರಡೂವರೆ ಪರ್ಸೆಂಟ್, ಅಷ್ಟೇ. ಸಣ್ಣ ಕಾಯಿನ್‌ಗಳು ಪೂರ್ತಿ ಸೊನ್ನೆಯಾದದ್ದೂ ಇದೆ. ಅವಕ್ಕಾದರೆ 20,000 ದಾಟಬೇಡಿ.

ಜನ ಎಡವುವುದು ಬೆಲೆ ಏರಿದಾಗ. ನಿಮ್ಮ 25,000 ನಾಲ್ಕು ಪಟ್ಟಾಗಿ ಲಕ್ಷ ಮುಟ್ಟಿತು ಅನ್ನಿ. ಈಗ ಅದೇ 80 ಪರ್ಸೆಂಟ್ ಬಿದ್ದರೆ ಕೈಬಿಟ್ಟು ಹೋಗುವುದು 80,000! ನೀವು ಹೊಸದಾಗಿ ಒಂದು ರೂಪಾಯಿ ಹಾಕದಿದ್ದರೂ ಅಪಾಯ ನಾಲ್ಕು ಪಟ್ಟಾಯಿತು. ಅದಕ್ಕೇ, 50,000 ದಾಟಿದರೆ 25,000ಕ್ಕಿಂತ ಹೆಚ್ಚಿನದನ್ನು ಮಾರುತ್ತೇನೆ ಅಂತ ಇವತ್ತೇ ಬರೆದಿಡಿ.

ಮಾರಿದಾಗ ಲಾಭಕ್ಕೆ ಶೇಕಡಾ 30 ತೆರಿಗೆ, ಮೇಲೆ ಸೆಸ್ಸು. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ನಮ್ಮ ಕಾನೂನು ಬಿಡುವುದಿಲ್ಲ. ಆ ತೆರಿಗೆ ಹಣವನ್ನು ಮಾರಿದ ದಿನವೇ ಬೇರೆ ಖಾತೆಗೆ ಹಾಕಿಬಿಡಿ.